ಹೆಗಲ ಮೇಲಿನ ಬೂದಿ ಇಂಗ್ಲಿಷಿನಲ್ಲೂ ಕಾಣಬೇಕು

ಪ್ರಶ್ನೆ: ಒಂದು ಕನ್ನಡ ಪತ್ರಿಕೆಯ ವಾರದ ಅಂಕಣವನ್ನು ಇಂಗ್ಲಿಷಿಗೆ ಅನುವಾದ ಮಾಡ್ತಿದ್ದೀನಿ. ಗಾದೆ ಬಂದ ಕಡೆ ಇಂಗ್ಲಿಷ್ ಗಾದೆ ಹಾಕಿದ್ರೆ ಅಂಕಣಕಾರರಿಗೆ ಬೇಜಾರು. ಇದ್ದ ಹಾಗೇ ಇಟ್ರೆ ಓದೋರಿಗೆ ಅರ್ಥ ಆಗಲ್ಲ. ನಗು ಬರೋ ಸಾಲುಗಳಂತೂ ಇಂಗ್ಲಿಷಿನಲ್ಲಿ ಸಪ್ಪೆ ಆಗಿಬಿಡ್ತವೆ. ಇದಕ್ಕೆ ಏನಾದ್ರೂ ದಾರಿ ಇದೆಯಾ ಸರ್?

ಉತ್ತರ: ದಾರಿ ಇದೆ. ಆದರೆ ಅದು ‘ಗಾದೆಗೆ ಗಾದೆ’ ಅನ್ನುವ ದಾರಿಯಲ್ಲ. ಒಂದು ಮಾತು ಎದುರಾದಾಗ ನಾನು ಮೊದಲು ಅದರ ಅರ್ಥ ಹುಡುಕುವುದಿಲ್ಲ. ಅಂಕಣದಲ್ಲಿ ಅದು ಏನು ಕೆಲಸ ಮಾಡುತ್ತಿದೆ ಅಂತ ನೋಡುತ್ತೇನೆ. ಬರೆದವರು ಆ ಮಾತಿನೊಳಗಿನ ಚಿತ್ರವನ್ನು ಮುಂದೆ ಮತ್ತೆ ಬಳಸಿಕೊಂಡಿದ್ದಾರಾ, ಇಲ್ಲಾ ಅಭ್ಯಾಸಬಲದಿಂದ ಬರೆದು ಮುಂದೆ ಹೋಗಿದ್ದಾರಾ? ಬಳಸಿಕೊಂಡಿದ್ದರೆ ಚಿತ್ರವನ್ನು ಉಳಿಸಲೇಬೇಕು. ಇಲ್ಲದಿದ್ದರೆ ಅರ್ಥವನ್ನಷ್ಟೇ ಕೊಟ್ಟು ಮುಂದೆ ಹೋಗಬಹುದು.

ಇದಕ್ಕೆ ಎಲ್ಲರಿಗೂ ನೆನಪಿರುವ ಒಂದು ಉದಾಹರಣೆ ಕೊಡುತ್ತೇನೆ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ ಕಾಂಗ್ರೆಸ್ ಪತ್ರಿಕೆಗಳಲ್ಲಿ ಚೊಂಬಿನ ಜಾಹೀರಾತು ಕೊಟ್ಟಿತು. ಕೇಂದ್ರ ಸರ್ಕಾರ ರಾಜ್ಯಕ್ಕೆ ಕೊಟ್ಟದ್ದು ಚೊಂಬು ಅಂತ. ನಮಗೆ ವಿವರಣೆ ಬೇಕಾಗಲಿಲ್ಲ. ‘ಚೊಂಬು ಕೊಟ್ಟ’ ಅಂದರೆ ಆಸೆ ತೋರಿಸಿ ಬರಿಗೈಲಿ ಕಳಿಸಿದ ಅಂತಲೇ ಅರ್ಥ. ಈಗ ಒಬ್ಬ ಅನುವಾದಕ ಚೊಂಬನ್ನು ತೆಗೆದು ‘ಚೀಟೆಡ್’ ಅಂತ ಹಾಕಿದ ಅಂದುಕೊಳ್ಳಿ. ಅರ್ಥ ಸರಿಯಾಗೇ ಇದೆ. ಆದರೆ ಕೆಲವೇ ದಿನಗಳಲ್ಲಿ ದೇವೇಗೌಡರು, ಆ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆ ಮಾಡಿದ್ದಾರೆ ಅಂತ ಉತ್ತರ ಕೊಟ್ಟರು. ಚೊಂಬೇ ಇಲ್ಲದ ಅನುವಾದದಲ್ಲಿ ಅಕ್ಷಯಪಾತ್ರೆ ಎಲ್ಲಿಂದ ಬರಬೇಕು? ಒಂದು ಪಾತ್ರೆಗೆ ಇನ್ನೊಂದು ಪಾತ್ರೆ ಉತ್ತರವಾಗಿತ್ತು. ಚೊಂಬು ಅನ್ನುವ ಪದವನ್ನೇ ಉಳಿಸಿಕೊಂಡು, ಅದು ನೀರಿನ ಪಾತ್ರೆ, ಖಾಲಿ ಚೊಂಬು ಅಂದರೆ ಮೋಸ ಅಂತ ಅರ್ಧ ಸಾಲಿನಲ್ಲಿ ಹೇಳಿದ ಇಂಗ್ಲಿಷ್ ವರದಿಗಳಿಗೆ ಮಾತ್ರ ಆ ಉತ್ತರವನ್ನು ಹಿಡಿಯಲು ಆಯಿತು.

ಹಾಗಾಗಿ ಅಂಕಣವನ್ನು ಕೊನೆಯವರೆಗೆ ಓದದೆ ಮೊದಲ ಗಾದೆಯನ್ನು ಮುಟ್ಟಬೇಡಿ. ನಾನು ಪೆನ್ಸಿಲ್ ಹಿಡಿದು ಓದುತ್ತೇನೆ. ಊಟ, ಹಾವು, ಪಾತ್ರೆ, ಮದುವೆ, ಹೀಗೆ ಯಾವ ಚಿತ್ರ ಎರಡನೇ ಸಲ ಬಂದರೂ ಎರಡೂ ಕಡೆ ಗೆರೆ ಎಳೆಯುತ್ತೇನೆ. ಗೆರೆ ಬಿದ್ದ ಜಾಗಗಳು ಮುಟ್ಟಬಾರದವು.

ಈಗ ಒಂದು ಪ್ಯಾರಾ ತೆಗೆದುಕೊಂಡು ಕೆಲಸ ಮಾಡೋಣ. ನಿಜವಾದ ಅಂಕಣ ಬೇಡ ಅಂತ ನಾನೇ ಬರೆದಿದ್ದೇನೆ. ಆದರೆ ನಮ್ಮ ಪತ್ರಿಕೆಗಳಲ್ಲಿ ವಾರಕ್ಕೊಮ್ಮೆ ಸಿಗುವಂಥದ್ದೇ:

“ಮಂತ್ರಿಗಳು ಬರುತ್ತಾರಂತೆ. ಮೂರು ವರ್ಷದಿಂದ ಕುಂಭಕರ್ಣನ ನಿದ್ದೆಯಲ್ಲಿದ್ದ ಪುರಸಭೆ ರಾತ್ರೋರಾತ್ರಿ ಎದ್ದು ಡಾಂಬರು ಸುರಿಯಿತು. ಬೆಳಿಗ್ಗೆ ಮಳೆ ಬಂತು, ಡಾಂಬರು ಹೋಯಿತು. ಗುತ್ತಿಗೆದಾರ ಸಾಹೇಬರು ಆಗಲೇ ರಸ್ತೆ ತಿಂದು ಕೈ ತೊಳೆದುಕೊಂಡಿದ್ದರು. ಸಭೆಯಲ್ಲಿ ಯಾರೋ ‘ಕಳಪೆ ಕಾಮಗಾರಿ’ ಅಂದದ್ದಷ್ಟೇ, ಅಧ್ಯಕ್ಷರು ಹೆಗಲು ಮುಟ್ಟಿ ನೋಡಿಕೊಂಡರು. ಈಗ ತನಿಖೆ ನಡೆಯುತ್ತದಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಲ್ಲಿಯವರೆಗೆ ಗುಂಡಿ ದಾಟಲು ನಮಗೆ ಗುಂಡಿಗೆ ಬೇಕು.”

ಕುಂಭಕರ್ಣನ ವಿಷಯ ಬೇಗ ಮುಗಿಯುತ್ತದೆ. ಅವನು ಮತ್ತೆ ಬರುವುದಿಲ್ಲ. ಬೆಂಗಳೂರಿನ ಓದುಗರಿಗಾದರೆ ಹೆಸರು ಹಾಗೇ ಇರಲಿ, ಅವರಿಗೆ ಗೊತ್ತು. ಲಂಡನ್ನಿನ ಓದುಗರಿಗಾದರೆ ‘ಮೂರು ವರ್ಷ ಗಾಢ ನಿದ್ದೆ’ ಅನ್ನುವ ಅರ್ಥ ಸಾಕು. ಯಾರಿಗಾಗಿ ಅನುವಾದ ಅನ್ನುವುದನ್ನು ಮೊದಲ ದಿನವೇ ಪತ್ರಿಕೆಯವರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಅದು ಗೊತ್ತಿಲ್ಲದಿದ್ದರೆ ಒಂದೊಂದು ಪದಕ್ಕೂ ಒದ್ದಾಡಬೇಕಾಗುತ್ತದೆ.

‘ತಿಂದು ಕೈ ತೊಳೆದುಕೊಂಡಿದ್ದರು’ ಅನ್ನುವುದು ನೋಡಲು ಸುಲಭ, ಆದರೆ ಕಾಲು ಜಾರುವ ಜಾಗ. ಇಂಗ್ಲಿಷಿನಲ್ಲೂ ಕೈ ತೊಳೆದುಕೊಳ್ಳುವ ನುಡಿಗಟ್ಟು ಇದೆ ಅಲ್ವಾ, ಹಾಗೇ ಹಾಕಿಬಿಡೋಣ ಅನ್ನಿಸುತ್ತದೆ. ಆದರೆ ಅಲ್ಲಿನ ಕೈ ಬೇರೆ. ಅದು ಬೈಬಲ್ಲಿನ ಪಿಲಾತನ ಕೈ. ಏಸುವಿನ ಸಾವಿಗೆ ನಾನು ಹೊಣೆಯಲ್ಲ ಅಂತ ಜನರ ಮುಂದೆ ತೊಳೆದುಕೊಂಡ ಕೈ. ನಮ್ಮದು ಊಟ ಮುಗಿಸಿದ ಕೈ. ಜವಾಬ್ದಾರಿ ಕಳಚಿಕೊಂಡ ಅನ್ನುವ ಅರ್ಥ ಕನ್ನಡದಲ್ಲೂ ಇದೆ, ನಿಜ. ಆದರೆ ಈ ಸಾಲಿನಲ್ಲಿ ‘ತಿಂದು’ ಅಂತ ಮೊದಲೇ ಬಂದಿದೆ. ಊಟದ ಚಿತ್ರ ಜೀವಂತ ಇದೆ. ಹಾಗಾಗಿ ನಾನು ‘ವಾಶ್ಡ್ ಹಿಸ್ ಹ್ಯಾಂಡ್ಸ್’ ಬಿಟ್ಟು ‘ರಿನ್ಸ್ಡ್ ಹಿಸ್ ಫಿಂಗರ್ಸ್’ ಅಂತ ಬರೆಯುತ್ತೇನೆ. ಬೆರಳು ತೊಳೆದುಕೊಂಡ ಅಂದ ತಕ್ಷಣ ಇಂಗ್ಲಿಷ್ ಓದುಗರಿಗೂ ಎಲೆ ಮುಂದಿನಿಂದ ಎದ್ದವನು ಕಾಣುತ್ತಾನೆ.

‘ರಸ್ತೆ ತಿಂದು’ ಅನ್ನುವುದಕ್ಕೂ ಹಾಗೇ ಎರಡು ಗುಂಡಿಗಳಿವೆ. ‘ಮೇಡ್ ಎ ಮೀಲ್ ಆಫ್’ ಅಂದರೆ ಇಂಗ್ಲಿಷಿನಲ್ಲಿ ಸಣ್ಣ ಕೆಲಸವನ್ನು ದೊಡ್ಡದು ಮಾಡಿದ ಅಂತ ಅರ್ಥ. ‘ಡೈನ್ಡ್ ಆನ್ ದ ರೋಡ್’ ಅಂದರೆ ರಸ್ತೆ ಬದಿಯಲ್ಲಿ ಊಟ ಮಾಡಿದ ಹಾಗಾಯಿತು. ‘ಸ್ವಾಲೋಡ್ ದ ರೋಡ್’ ಸರಿ ಹೊಂದುತ್ತದೆ. ನುಂಗಿದ, ಬೆರಳು ತೊಳೆದ. ಎರಡೂ ಚಿತ್ರ ಒಂದೇ ಊಟದ್ದಾಯಿತು.

ಇಲ್ಲೇ ಒಂದು ಎಚ್ಚರಿಕೆ. ಚಿತ್ರ ಬಿಡಿಸಿ ಅರ್ಥ ಹೇಳಲು ಹೋಗಿ ‘ಗುತ್ತಿಗೆದಾರರು ಹಣ ದುರುಪಯೋಗ ಮಾಡಿದರು’ ಅಂತ ಬರೆದರೆ ಅದು ಆರೋಪವಾಗುತ್ತದೆ. ಕನ್ನಡದಲ್ಲಿ ‘ತಿಂದರು’ ಅನ್ನುವುದು ಅಂಕಣದ ಚುಚ್ಚುಮಾತು. ಇಂಗ್ಲಿಷಿನಲ್ಲಿ ನೀವು ಬರೆದದ್ದು ಸುದ್ದಿಯ ಭಾಷೆ. ಹೆಸರಿರುವ ವ್ಯಕ್ತಿಯ ಬಗ್ಗೆ ಇಂಥ ಸಾಲು ಬಂದರೆ ಸಂಪಾದಕರಿಗೆ ತೋರಿಸದೆ ಕಳಿಸಬೇಡಿ. ‘ಅಲೆಜೆಡ್ಲಿ’ ಸೇರಿಸಿದರೆ ಆಯ್ತಲ್ಲ ಅನ್ನುತ್ತಾರೆ ಕೆಲವರು. ಆ ಪದ ಬಂದ ಕೂಡಲೇ ಅಂಕಣ ಕೋರ್ಟ್ ವರದಿಯ ಹಾಗೆ ಕೇಳಿಸುತ್ತದೆ.

ಈಗ ಹೆಗಲಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನೀವು ಕೇಳಿದ ಪ್ರಶ್ನೆಯ ಗಂಟು ಇಲ್ಲೇ ಇದೆ.

ಗಾದೆ ಪೂರ್ತಿ ಹೇಳಿದರೆ ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ’. ಅಂಕಣಕಾರರು ಮೊದಲ ಅರ್ಧ ಹೇಳಿಲ್ಲ. ಅದನ್ನು ಓದುಗರು ತುಂಬಿಕೊಳ್ಳುತ್ತಾರೆ, ಮತ್ತು ಆ ತುಂಬಿಕೊಳ್ಳುವ ಕ್ಷಣದಲ್ಲೇ ನಗು ಬರುತ್ತದೆ. ನಮ್ಮ ಒಳ್ಳೆಯ ಅಂಕಣಕಾರರು ಪೂರ್ತಿ ಗಾದೆ ಹೇಳುವುದು ಕಡಿಮೆ. ಬಾಲ ತೋರಿಸುತ್ತಾರೆ, ಹುಲಿಯನ್ನು ನಾವು ನೋಡಿಕೊಳ್ಳಬೇಕು. ಇಂಗ್ಲಿಷ್ ಓದುಗರಿಗೆ ಬಾಲ ಮಾತ್ರ ತೋರಿಸಿದರೆ ಏನೂ ಕಾಣುವುದಿಲ್ಲ. ಅಧ್ಯಕ್ಷರಿಗೆ ಹೆಗಲು ನೋವು ಇರಬೇಕು ಅಂದುಕೊಳ್ಳುತ್ತಾರೆ.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಈ ಗಾದೆಯನ್ನು ಪೂರ್ತಿಯಾಗಿ ಅನುವಾದಿಸಿ, ಕುಂಬಳಕಾಯಿಗೆ ‘ಪಂಪ್‌ಕಿನ್’ ಅಂತ ಹಾಕಿ ಕಳಿಸಿದ್ದೆ. ಡೆಸ್ಕಿನಲ್ಲಿದ್ದ ಕನ್ನಡ ಬಾರದ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, “ಕಳ್ಳ ಹೆಗಲು ಯಾಕೆ ಮುಟ್ಟಿಕೊಂಡ?” ಅಂತ ಕೇಳಿದರು. ಉತ್ತರ ಹೇಳಲು ಹೊರಟಾಗಲೇ ನನಗೆ ತಪ್ಪು ಗೊತ್ತಾದದ್ದು. ಗಾದೆಯ ಕುಂಬಳಕಾಯಿ ಬೂದುಗುಂಬಳ. ಬಲಿತ ಬೂದುಗುಂಬಳದ ಮೈಮೇಲೆ ಬೂದಿಯಂಥ ಬಿಳಿ ಪುಡಿ ಇರುತ್ತದೆ. ಮುಟ್ಟಿದರೆ ಅಂಟುತ್ತದೆ. ಹೆಗಲ ಮೇಲೆ ಹೊತ್ತು ತಂದವನ ಹೆಗಲೆಲ್ಲ ಬಿಳಿ. ಅದಕ್ಕೇ ಕಳ್ಳ ಹೆಗಲು ನೋಡಿಕೊಂಡ. ‘ಪಂಪ್‌ಕಿನ್’ ಅಂದರೆ ಇಂಗ್ಲಿಷ್ ಓದುಗರ ಕಣ್ಣಿಗೆ ಬರುವುದು ಕೇಸರಿ ಬಣ್ಣದ ಕಾಯಿ. ಅದು ಏನೂ ಅಂಟಿಸುವುದಿಲ್ಲ. ಒಂದು ತರಕಾರಿಯ ಹೆಸರು ತಪ್ಪಿದ್ದಕ್ಕೆ ಇಡೀ ಗಾದೆಯ ತರ್ಕವೇ ಹೋಯಿತು.

ಬೂದುಗುಂಬಳಕ್ಕೆ ಇಂಗ್ಲಿಷಿನಲ್ಲಿ ‘ಆಶ್ ಗೋರ್ಡ್’ ಅನ್ನುತ್ತಾರೆ. ಹೆಸರಿನಲ್ಲೇ ಬೂದಿ ಇದೆ, ಇದಕ್ಕಿಂತ ಅನುಕೂಲ ಬೇಕಾ? ಹಾಗಾಗಿ ಈ ಸಾಲನ್ನು ನಾನು ಹೀಗೆ ಕಟ್ಟುತ್ತೇನೆ: ‘ಸಭೆಯಲ್ಲಿ ಯಾರೋ ಕಳಪೆ ಕಾಮಗಾರಿ ಅಂದರು, ಆಶ್ ಗೋರ್ಡ್ ಕದ್ದವನ ಹಾಗೆ ಅಧ್ಯಕ್ಷರು ಹೆಗಲ ಮೇಲಿನ ಬೂದಿ ಕೊಡವಿಕೊಂಡರು’. ಇಂಗ್ಲಿಷಿನಲ್ಲಿ ಇದಕ್ಕೆ ಕೆಲವು ಪದ ಮಾತ್ರ ಜಾಸ್ತಿ ಬೇಕು. ‘ಕನ್ನಡದಲ್ಲಿ ಒಂದು ಗಾದೆಯಿದೆ’ ಅಂತ ಪೀಠಿಕೆ ಹಾಕಬೇಕಾಗಿಲ್ಲ. ಆ ಪೀಠಿಕೆ ಬಂದರೆ ಅಂಕಣ ಪಾಠವಾಗುತ್ತದೆ. ‘ಮುಟ್ಟಿ ನೋಡಿಕೊಂಡರು’ ಅನ್ನುವುದನ್ನು ‘ಕೊಡವಿಕೊಂಡರು’ ಅಂತ ಬದಲಿಸಿದ್ದು ಬೇಕೆಂದೇ. ಕೊಡವಿಕೊಂಡರೆ ಅಲ್ಲಿ ಏನೋ ಇತ್ತು ಅಂತ ಓದುಗರಿಗೆ ತಾನಾಗಿ ಗೊತ್ತಾಗುತ್ತದೆ.

ಇಂಗ್ಲಿಷ್ ಗಾದೆ ಯಾಕೆ ಬೇಡ ಅಂದರೆ, ಇಲ್ಲಿಗೆ ಹೊಂದುವುದು ‘ಟೋಪಿ ಸರಿಹೊಂದಿದರೆ ಹಾಕಿಕೋ’ ಅನ್ನುವ ಅರ್ಥದ ಮಾತು. ಅದರಲ್ಲಿ ಹೇಳುವವನು ಇನ್ನೊಬ್ಬನಿಗೆ ಟೋಪಿ ಚಾಚುತ್ತಾನೆ. ನಮ್ಮ ಗಾದೆಯಲ್ಲಿ ಯಾರೂ ಏನೂ ಚಾಚುವುದಿಲ್ಲ. ಕಳ್ಳನೇ ತನ್ನನ್ನು ತೋರಿಸಿಕೊಡುತ್ತಾನೆ. ಸಾಮ್ಯ ಅರ್ಥದಲ್ಲಿದೆ, ನಾಟಕದಲ್ಲಿಲ್ಲ. ಅಂಕಣಕ್ಕೆ ಬೇಕಾದ್ದು ನಾಟಕ. ನಿಮ್ಮ ಅಂಕಣಕಾರರಿಗೆ ಬೇಜಾರಾಗುವುದೂ ಇದಕ್ಕೇ ಇರಬೇಕು. ಅವರು ಕಂಡದ್ದು ಅಧ್ಯಕ್ಷರ ಕೈ ಹೆಗಲಿಗೆ ಹೋದದ್ದು, ನೀವು ಕೊಟ್ಟದ್ದು ಒಂದು ನೀತಿಮಾತು.

ಹಾಗಂತ ಇಂಗ್ಲಿಷ್ ಗಾದೆ ಯಾವತ್ತೂ ಬೇಡ ಅಂತಲ್ಲ. ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಅಂತ ಒಂದು ಸಲ ಬಂದು, ಕುಣಿತ, ನೆಲ ಯಾವುದೂ ಮುಂದೆ ಬರದಿದ್ದರೆ, ಕೆಟ್ಟ ಕೆಲಸಗಾರ ಹತಾರವನ್ನು ದೂರುವ ಇಂಗ್ಲಿಷ್ ಗಾದೆ ಸಾಕು. ಆದರೆ ಅಂಕಣ ಡಾಂಬರು ಕಿತ್ತ ರಸ್ತೆಯ ಬಗ್ಗೆ ಇದ್ದರೆ? ಆಗ ನೆಲ ನಿಜವಾಗಲೂ ಡೊಂಕೇ. ಆ ನೆಲವನ್ನು ಬಿಟ್ಟುಕೊಡಬೇಡಿ. ಒಂದೇ ಗಾದೆಗೆ ಎರಡು ಅಂಕಣದಲ್ಲಿ ಎರಡು ಉತ್ತರ ಬರುವುದು ಹೀಗೆ. ಅದಕ್ಕೇ ‘ಈ ಗಾದೆಗೆ ಈ ಇಂಗ್ಲಿಷ್’ ಅನ್ನುವ ಪಟ್ಟಿಗಳನ್ನು ನಾನು ನಂಬುವುದಿಲ್ಲ.

ಮುಂದಿನದು ಹಾವು ಮತ್ತು ಕೋಲು. ಹಿಂದಿ ಚೆನ್ನಾಗಿ ಬಲ್ಲವರು ಇಲ್ಲಿ ಜಾಸ್ತಿ ಎಡವುತ್ತಾರೆ. ಹಿಂದಿಯ ಗಾದೆಯಲ್ಲಿ ಹಾವು ಸಾಯಬೇಕು, ಕೋಲು ಮುರಿಯಬಾರದು. ಅಂದರೆ ನಷ್ಟವಿಲ್ಲದೆ ಕೆಲಸ ಆಗಬೇಕು. ನಮ್ಮ ಕನ್ನಡದ ಗಾದೆಯಲ್ಲಿ ಹಾವೂ ಸಾಯಬಾರದು. ಯಾರಿಗೂ ನೋವಾಗದ ಹಾಗೆ ಸಂಭಾಳಿಸಬೇಕು ಅಂತ. ತನಿಖೆಯ ವಿಷಯದಲ್ಲಿ ಬಳಸಿದಾಗ ಅದು ಇನ್ನೂ ಹರಿತ. ಕೋಲು ಬೀಸಿದ ಹಾಗೆ ಕಾಣಬೇಕು, ಹಾವಿಗೆ ತಾಗಬಾರದು. ಒಂದು ‘ಊ’ ಸ್ವರದಲ್ಲಿ ಇಡೀ ವ್ಯವಸ್ಥೆಯ ಟೀಕೆ ಇದೆ. ಹಿಂದಿ ಗಾದೆಯ ಇಂಗ್ಲಿಷ್ ಅನುವಾದ ಎಲ್ಲೋ ಓದಿ ನೆನಪಿನಿಂದ ಬರೆದರೆ ಅಂಕಣಕಾರರು ತನಿಖೆಯನ್ನು ಹೊಗಳಿದ ಹಾಗಾಗುತ್ತದೆ. ಇದರ ಚಿತ್ರವನ್ನು ಹಾಗೇ ಇಟ್ಟರೆ ಸಾಕು: ಹಾವು ಬದುಕಬೇಕು, ಕೋಲೂ ಉಳಿಯಬೇಕು. ವಿವರಣೆ ಬೇಡ, ಹಿಂದಿನ ಸಾಲಿನ ತನಿಖೆಯೇ ವಿವರಣೆ.

ಅನುಮಾನ ಬಂದಾಗ ನಾನು ಹೋಗುವುದು ಎರಡು ಕಡೆಗೆ. ಒಂದು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು. ಪದದ ಜೊತೆ ಎಷ್ಟೋ ಕಡೆ ಗಾದೆಗಳನ್ನೂ ಕೊಟ್ಟಿದ್ದಾರೆ. ಇನ್ನೊಂದು, ವಿ. ಕೃಷ್ಣ ಅವರ ಅಲರ್ ನಿಘಂಟು, alar.ink ಅಂತ ಹೊಡೆದರೆ ಸಿಗುತ್ತದೆ. ಆದರೆ ನಿಘಂಟು ಪದದ ಅರ್ಥ ಹೇಳುತ್ತದೆಯೇ ಹೊರತು, ನಿಮ್ಮ ಅಂಕಣಕಾರರ ಊರಿನಲ್ಲಿ ಆ ಮಾತನ್ನು ಯಾವಾಗ ಹೇಳುತ್ತಾರೆ ಅಂತ ಹೇಳುವುದಿಲ್ಲ. ಅದಕ್ಕೆ ಅವರಿಗೇ ಫೋನ್ ಮಾಡಿ. “ಇದನ್ನು ನಿಮ್ಮ ಮನೆಯಲ್ಲಿ ಯಾವಾಗ ಅಂತಿದ್ರು?” ಅಂತ ಕೇಳಿ. ಅರ್ಥ ಕೇಳಿದರೆ ಒಂದು ಪದ ಹೇಳುತ್ತಾರೆ, ಸಂದರ್ಭ ಕೇಳಿದರೆ ಒಂದು ಕಥೆ ಹೇಳುತ್ತಾರೆ. ಕೆಲಸಕ್ಕೆ ಬರುವುದು ಕಥೆ.

ನಗುವಿನ ವಿಷಯಕ್ಕೆ ಬರೋಣ. ನಮ್ಮ ಅಂಕಣಗಳ ನಗು ಬಹುಪಾಲು ಜೋಕಿನಲ್ಲಿ ಇರುವುದಿಲ್ಲ, ಪ್ರತ್ಯಯದಲ್ಲಿ ಇರುತ್ತದೆ. ಮೇಲಿನ ಪ್ಯಾರಾದಲ್ಲಿ ‘ಅಂತೆ’ ಎರಡು ಸಲ ಬಂದಿದೆ, ನೋಡಿ. ‘ಮಂತ್ರಿಗಳು ಬರುತ್ತಾರಂತೆ’ ಅನ್ನುವಾಗ ಅದು ಬರೀ ಸುದ್ದಿ. ‘ತನಿಖೆ ನಡೆಯುತ್ತದಂತೆ’ ಅನ್ನುವಾಗ ಅದೇ ‘ಅಂತೆ’ ಅಪನಂಬಿಕೆ. ನಡುವೆ ನಡೆದದ್ದೆಲ್ಲ ಸೇರಿ ಎರಡನೇ ‘ಅಂತೆ’ಗೆ ಬೇರೆ ಬಣ್ಣ ಕೊಟ್ಟಿದೆ. ಮೊದಲ ಸಲ ‘ರಿಪೋರ್ಟೆಡ್ಲಿ’, ಎರಡನೇ ಸಲ ‘ಸಪೋಸೆಡ್ಲಿ’ ಅಂತ ಬೇರೆ ಬೇರೆ ಪದ ಹಾಕಿದರೆ, ಓದುಗರು ತಾವೇ ಕಂಡುಕೊಳ್ಳಬೇಕಾದ ಬಣ್ಣವನ್ನು ನೀವೇ ಬಳಿದ ಹಾಗೆ. ನಾನು ಎರಡು ಕಡೆಯೂ ಒಂದೇ ಮಾತು ಇಡುತ್ತೇನೆ, ‘ವಿ ಹಿಯರ್’. ಅದನ್ನೂ ವಾಕ್ಯದ ಕೊನೆಗೆ ಇಡುತ್ತೇನೆ, ಕನ್ನಡದಲ್ಲಿ ಇದ್ದ ಜಾಗಕ್ಕೆ. ಮಂತ್ರಿ ಬರುತ್ತಿದ್ದಾರೆ, ವಿ ಹಿಯರ್. ತನಿಖೆ ನಡೆಯಲಿದೆ, ವಿ ಹಿಯರ್. ಎರಡನೇ ಸಲ ಕೇಳಿದಾಗ ಇಂಗ್ಲಿಷ್ ಕಿವಿಗೂ ತುಟಿ ವಾರೆಯಾದದ್ದು ಕೇಳಿಸುತ್ತದೆ.

‘ಗುತ್ತಿಗೆದಾರ ಸಾಹೇಬರು’ ಕೂಡ ಹಾಗೇ. ಮರ್ಯಾದೆ ಹೆಚ್ಚಾದಷ್ಟೂ ಏಟು ಹೆಚ್ಚು. ಇಂಗ್ಲಿಷ್ ಕ್ರಿಯಾಪದದಲ್ಲಿ ಬಹುವಚನದ ಮರ್ಯಾದೆ ಇಲ್ಲ. ಹಾಗಾಗಿ ಅದನ್ನು ವಿಶೇಷಣಕ್ಕೆ ಸಾಗಿಸಬೇಕು. ‘ಅವರ್ ಗುಡ್ ಕಾಂಟ್ರಾಕ್ಟರ್’ ಅಂದರೆ ಆ ತೂಕ ಬರುತ್ತದೆ. ‘ಸರ್’ ಅಂತ ಸೇರಿಸಿದರೆ ಬ್ರಿಟನ್ನಿನ ಓದುಗರು ಅವರಿಗೆ ನೈಟ್ ಪದವಿ ಇದೆ ಅಂದುಕೊಳ್ಳುತ್ತಾರೆ.

ಇನ್ನು ಗುಂಡಿ ಮತ್ತು ಗುಂಡಿಗೆ. ಶ್ಲೇಷೆ ಬಂದರೆ ಅನುವಾದಕರು ಸಾಮಾನ್ಯವಾಗಿ ಕೈಬಿಡುತ್ತಾರೆ. ಬೇಗ ಬಿಡಬೇಡಿ, ಒಂದು ಗಂಟೆ ಕೊಡಿ. ನಾನು ಮಾಡುವುದು ಇಷ್ಟು. ಶ್ಲೇಷೆಯ ಎರಡು ಅರ್ಥಗಳನ್ನು ಒಂದು ಹಾಳೆಯ ಎರಡು ಬದಿಗೆ ಬರೆಯುತ್ತೇನೆ. ಒಂದು ಕಡೆ ರಸ್ತೆಯ ಹಳ್ಳ, ಇನ್ನೊಂದು ಕಡೆ ಎದೆ, ಧೈರ್ಯ. ಪ್ರತಿಯೊಂದರ ಕೆಳಗೆ ಇಂಗ್ಲಿಷ್ ಪದಗಳನ್ನು ತೋಚಿದ ಹಾಗೆ ಇಳಿಸುತ್ತೇನೆ. ಹೋಲ್, ಪಿಟ್, ಪಾಟ್‌ಹೋಲ್, ಕ್ರೇಟರ್. ಆ ಕಡೆ ಹಾರ್ಟ್, ನರ್ವ್, ಕರೇಜ್, ಗಟ್ಸ್, ಹೋಲ್‌ಹಾರ್ಟೆಡ್. ಆಮೇಲೆ ಜೋರಾಗಿ ಓದುತ್ತೇನೆ, ಯಾಕೆಂದರೆ ಶ್ಲೇಷೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಪಾಟ್‌ಹೋಲ್, ಹೋಲ್‌ಹಾರ್ಟೆಡ್! ಕಾಗುಣಿತ ಬೇರೆ, ಸದ್ದು ಒಂದೇ. ‘ಅಲ್ಲಿಯವರೆಗೆ ನಾವು ಪಾಟ್‌ಹೋಲ್‌ಗಳನ್ನು ಹೋಲ್‌ಹಾರ್ಟೆಡ್ ಆಗಿಯೇ ದಾಟಬೇಕು’ ಅನ್ನುವ ಅರ್ಥದ ಸಾಲು ಸಿಕ್ಕಿತು. ಹಳ್ಳವೂ ಉಳಿಯಿತು, ಎದೆಯೂ ಉಳಿಯಿತು. ಧೈರ್ಯದ ಬದಲು ಮನಃಪೂರ್ವಕ ಅನ್ನುವ ಛಾಯೆ ಬಂತು. ಅದು ನಷ್ಟವೇ, ಆದರೆ ಈ ಸಾಲಿನಲ್ಲಿ ಒಪ್ಪಬಹುದಾದ ನಷ್ಟ.

ರಾಜಕೀಯ ಅಂಕಣ ಮಾಡುವಾಗ ‘ಕೈ ಕೊಟ್ಟ ಕೈ’ ಥರದ್ದು ನಿಮಗೆ ಸಿಕ್ಕೇ ಸಿಗುತ್ತದೆ. ಕಾಂಗ್ರೆಸ್ಸಿನ ಗುರುತು ಕೈ, ಕೈ ಕೊಡುವುದು ಅಂದರೆ ನಡುನೀರಲ್ಲಿ ಬಿಡುವುದು. ಇಂಗ್ಲಿಷಿನಲ್ಲಿ ಕೈ ಕೊಟ್ಟರೆ ಸಹಾಯ ಮಾಡಿದ ಹಾಗೆ, ಪೂರ್ತಿ ಉಲ್ಟಾ. ಆದರೆ ಕೈ ಮಾಡುವ ಇನ್ನೊಂದು ಕೆಲಸ ಇದೆಯಲ್ಲ, ಹಿಡಿದದ್ದನ್ನು ಬಿಡುವುದು. ‘ದ ಹ್ಯಾಂಡ್ ಲೆಟ್ ಗೋ’. ಮೂಲದ ಕ್ರಿಯಾಪದಕ್ಕೆ ಅಂಟಿಕೊಳ್ಳದೆ ಅದೇ ಅಂಗಕ್ಕೆ ಇಂಗ್ಲಿಷಿನಲ್ಲಿ ಬೇರೆ ಕೆಲಸ ಹುಡುಕಿದರೆ ಅರ್ಧ ಶ್ಲೇಷೆಗಳು ಬಗೆಹರಿಯುತ್ತವೆ.

ಎಷ್ಟು ಹುಡುಕಿದರೂ ಸಿಗದ ಶ್ಲೇಷೆಗಳೂ ಇವೆ. ಆಗ ಅದನ್ನು ಅಲ್ಲಿ ಬಿಟ್ಟು, ಇಂಗ್ಲಿಷ್ ತಾನಾಗಿ ಒಂದು ಆಟಕ್ಕೆ ಜಾಗ ಕೊಡುವ ಹತ್ತಿರದ ಸಾಲಿನಲ್ಲಿ ಸಾಲ ತೀರಿಸಿ. ಆದರೆ ಅದೇ ಪ್ಯಾರಾದೊಳಗೆ ಇರಲಿ, ಅಂಕಣಕಾರರು ಗಂಭೀರವಾಗಿರುವ ಸಾಲಿಗೆ ನಗು ತುರುಕಬೇಡಿ. ಕೆಳಗೆ ಟಿಪ್ಪಣಿ ಹಾಕುವುದಂತೂ ಬೇಡ. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ, ದೀಪಾ ಭಾಸ್ತಿಯವರು ಅಡಿಟಿಪ್ಪಣಿಯಿಲ್ಲದೆ, ಕನ್ನಡದ ಪದಗಳನ್ನು ಓರೆ ಅಕ್ಷರದಲ್ಲಿ ಹಾಕದೆ ಅನುವಾದಿಸಿದ್ದು ಚರ್ಚೆಯಾಯಿತು. ಕಥೆಯಲ್ಲಿ ಓದುಗರು ಒಂದು ಪದದ ಅರ್ಥಕ್ಕೆ ನಾಲ್ಕು ಪುಟ ಕಾಯುತ್ತಾರೆ. ಪತ್ರಿಕೆಯ ಅಂಕಣದಲ್ಲಿ ನಾಲ್ಕು ಸಾಲೂ ಕಾಯುವುದಿಲ್ಲ. ಹಾಗಾಗಿ ಕನ್ನಡದ ಪದ ಉಳಿಸಿದರೆ ಅದೇ ವಾಕ್ಯದಲ್ಲಿ ಅದು ಏನು ಅಂತ ಗೊತ್ತಾಗಬೇಕು. ಜಾಗವೂ ಕಡಿಮೆ. ‘ಕುಣಿಯಲಾರದವಳು’ ಅನ್ನುವ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕು. ನನ್ನ ಕೈಯಲ್ಲಿ 600 ಪದದ ಅಂಕಣ ಇಂಗ್ಲಿಷಿಗೆ ಬಂದಾಗ ಸುಮಾರು 850 ಆಗುತ್ತದೆ. ವಿವರಣೆ ಸೇರಿಸಿದರೆ ಡೆಸ್ಕಿನವರು ಕೊನೆಯ ಪ್ಯಾರಾ ಕತ್ತರಿಸುತ್ತಾರೆ. ಅಂಕಣದ ಕೊನೆಯ ಏಟು ಇರುವುದೇ ಅಲ್ಲಿ.

ಇನ್ನೊಂದು ಮಾತು. ನಮ್ಮ ಗಾದೆಗಳಲ್ಲಿ ಜಾತಿಯನ್ನು, ಹೆಂಗಸರನ್ನು, ಅಂಗವಿಕಲರನ್ನು ಹೀಯಾಳಿಸುವವು ಬೇಕಾದಷ್ಟಿವೆ. ಕನ್ನಡದಲ್ಲಿ ಅಭ್ಯಾಸದಿಂದ ಓದಿ ಮುಂದೆ ಹೋಗುತ್ತೇವೆ. ಇಂಗ್ಲಿಷಿನಲ್ಲಿ ಬಿಡಿಸಿ ಬರೆದಾಗ ಅದೊಂದೇ ಎದ್ದು ಕಾಣುತ್ತದೆ. ನೀವಾಗೇ ಸುಮ್ನೆ ತಿದ್ದಬೇಡಿ, ಹಾಗೇ ಬಿಡಲೂಬೇಡಿ. ಅಂಕಣಕಾರರಿಗೆ ಹೇಳಿ. ನಾನು ಕೇಳಿದಾಗಲೆಲ್ಲ ಬಹಳಷ್ಟು ಜನ ತಾವೇ ಬೇರೆ ಮಾತು ಕೊಟ್ಟಿದ್ದಾರೆ.

ಕರಡು ಮುಗಿದ ಮೇಲೆ ಕನ್ನಡ ಬಾರದ ಒಬ್ಬರಿಗೆ ಓದಿ ಹೇಳಿ. “ಅರ್ಥ ಆಯ್ತಾ?” ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. “ಅಧ್ಯಕ್ಷರು ಹೆಗಲು ಯಾಕೆ ಕೊಡವಿಕೊಂಡರು?” ಅಂತ ಕೇಳಿ. ಉತ್ತರ ಬಂದರೆ ಸಾಲು ನಿಂತಿತು. ಓದುವಾಗ ಅವರ ಮುಖ ನೋಡಿ. ನಗು ಒಂದು ಪದ ತಡವಾಗಿ ಬಂದರೆ, ಏಟಿನ ಪದ ವಾಕ್ಯದ ನಡುವೆ ಸಿಕ್ಕಿಕೊಂಡಿದೆ ಅಂತ ಅರ್ಥ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಏಟು ಎಷ್ಟೋ ಸಲ ತಾನಾಗೇ ಕೊನೆಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ನೀವೇ ತಳ್ಳಿಕೊಂಡು ಹೋಗಿ ಕೊನೆಗೆ ಇಡಬೇಕು.

ಮತ್ತೆ, ಅಂಕಣಕಾರರ ಬೇಜಾರಿಗೆ ಒಂದು ಉಪಾಯ. ಅನುವಾದದ ಜೊತೆ ಒಂದು ಹಾಳೆ ಕಳಿಸಿ. ಎಡಕ್ಕೆ ಅವರ ಮಾತು, ಬಲಕ್ಕೆ ನೀವು ಮಾಡಿದ್ದು, ಕೆಳಗೆ ಯಾಕೆ ಅಂತ ಒಂದು ಸಾಲು. ನೀವು ಬಿಟ್ಟದ್ದನ್ನೂ ಅದರಲ್ಲಿ ಬರೆಯಿರಿ. ನನ್ನ ಜೊತೆ ಹಲವು ವರ್ಷ ಕೆಲಸ ಮಾಡಿದ ಒಬ್ಬ ಅಂಕಣಕಾರರು ಆ ಹಾಳೆ ಬಂದ ಮೇಲೆ ಪ್ರತಿವಾರ ಫೋನ್ ಮಾಡಲು ಶುರು ಮಾಡಿದರು. “ಇದು ಹೋಗಲಿ ಬಿಡಿ, ಆದರೆ ಹೆಗಲಿನದ್ದು ಇರಲೇಬೇಕು” ಅನ್ನುತ್ತಿದ್ದರು. ಯಾವುದು ಇರಲೇಬೇಕು ಅಂತ ಅವರ ಬಾಯಿಂದಲೇ ಗೊತ್ತಾದ ಮೇಲೆ ನನ್ನ ಕೆಲಸ ಅರ್ಧ ಹಗುರವಾಯಿತು.